ನಾಲ್ಕು ಗಂಟೆಯ ರೀಡಿಂಗ್

ಮೀಟರಣ್ಣ ಕಳೆದ ಮಂಗಳವಾರ ಬೆಳಿಗ್ಗೆ, ಕೆಲಸಕ್ಕೆ ಹೊರಡುವ ಹೊತ್ತಿನಲ್ಲಿ, ಅಡುಗೆಮನೆಯ ಮೇಜಿನ ಮುಂದೆ ಕೂತಲ್ಲೇ ತೀರಿಕೊಂಡ. ಹೃದಯ ನಿಂತಿತು ಎಂದರು ಡಾಕ್ಟರು. ವಯಸ್ಸು ಐವತ್ತಾರು.

ಊರಿಗೆ ಕುಡಿಯುವ ನೀರು ಶುದ್ಧಿ ಮಾಡಿ ಕಳಿಸುವ ಘಟಕದಲ್ಲಿ ಅವನು ಆಪರೇಟರ್. ಗಂಟೆಗೊಮ್ಮೆ ಎದ್ದು ಪಂಪಿನ ಒತ್ತಡ, ತೊಟ್ಟಿಯ ಮಟ್ಟ, ನೀರಿನಲ್ಲಿ ಉಳಿದ ಕ್ಲೋರಿನ್ ಎಷ್ಟೆಂದು ನೋಡಿ ರಿಜಿಸ್ಟರಿನಲ್ಲಿ ಬರೆಯುವುದು ಅವನ ಕೆಲಸ. ಆ ಅಭ್ಯಾಸ ಕೆಲಸದ ಗೇಟು ದಾಟಿ ಮನೆಗೂ ಬಂದಿತ್ತು. ಚಹಾ ಎಷ್ಟು ಬಿಸಿಯಿದೆ ಎಂದು ಯಾರಾದರೂ ಕೇಳಿದರೆ ಲೋಟ ಮುಟ್ಟಿ ನೋಡದೆ ಉತ್ತರ ಕೊಡುತ್ತಿರಲಿಲ್ಲ. ಹಾಗಾಗಿ ಬೀದಿಯವರೆಲ್ಲ ಸೇರಿ ಅವನ ಹೆಸರನ್ನು ಮರೆತು ಮೀಟರಣ್ಣ ಎಂದು ಕರೆದರು. ಅವನೂ ಮರೆತವನಂತೆ ಓಗೊಟ್ಟ.

ಪಕ್ಕದ ಮನೆಯಲ್ಲಿ, ಒಂದೇ ಗೋಡೆಯ ಆಚೆ, ಇದ್ದವನು ಪ್ರೆಸ್ಸಿನವನು. ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವುದು ಅವನ ಹೊಟ್ಟೆಪಾಡು. ಇನ್ನೊಬ್ಬರ ವಾಕ್ಯದಲ್ಲಿ ಕಲ್ಲು ಆರಿಸಿ ಆರಿಸಿ, ತನಗೆ ಬರೆಯಲು ಬರುತ್ತದೆ ಎಂಬ ಭ್ರಮೆ ಅವನಿಗೆ ಗಟ್ಟಿಯಾಗಿ ಕೂತುಬಿಟ್ಟಿತ್ತು. ಇಪ್ಪತ್ತೆರಡು ವರ್ಷದ ಸ್ನೇಹದಲ್ಲಿ ಆ ಭ್ರಮೆಯನ್ನು ಇಳಿಸಲು ಮೀಟರಣ್ಣ ಒಂದೇ ಸಲ ಪ್ರಯತ್ನಿಸಿದ್ದು. ಅದು ರಾತ್ರಿ ಪಾಳಿಯ ಕಾಗದದ ಸಂದರ್ಭದಲ್ಲಿ.

ಮೀಟರಣ್ಣ ಹನ್ನೊಂದು ವರ್ಷದಿಂದ ಬರೀ ರಾತ್ರಿ ಪಾಳಿಯಲ್ಲಿದ್ದ. ಯಾರೂ ಬಲವಂತ ಮಾಡಿದ್ದಲ್ಲ. ಉಳಿದಿಬ್ಬರು ಆಪರೇಟರುಗಳ ಮಕ್ಕಳು ಸಣ್ಣವರು ಎಂದು ತಾನೇ ಒಪ್ಪಿಕೊಂಡಿದ್ದ. ಆ ಮಕ್ಕಳು ಬೆಳೆದು, ಒಬ್ಬನಿಗೆ ಮೀಸೆಯೂ ಬಂದು, ಪಾಳಿ ಮಾತ್ರ ಹಾಗೆಯೇ ಉಳಿಯಿತು. ಹಗಲು ಮಲಗಿದರೆ ನಿದ್ದೆ ಹತ್ತುತ್ತಿರಲಿಲ್ಲ. ಹತ್ತಿದರೂ ಎರಡು ಗಂಟೆಗೆ ಎಚ್ಚರ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿದ, ಕಿವಿಗೆ ಹತ್ತಿ ಇಟ್ಟ. ಒಂದು ದಿನ ಸಂಜೆ ಎದ್ದವನು ಕಿವಿಯ ಹತ್ತಿ ತೆಗೆಯುವುದನ್ನು ಮರೆತು, ಹೆಂಡತಿ ತನ್ನೊಡನೆ ಮಾತು ಬಿಟ್ಟಿದ್ದಾಳೆಂದು ಅರ್ಧ ಗಂಟೆ ಕ್ಷಮೆ ಕೇಳಿದನಂತೆ. ಯಾವ ತಪ್ಪಿಗೆ ಎಂದು ಅತ್ತಿಗೆ ಕೇಳಿದ್ದೂ ಅವನಿಗೆ ಕೇಳಿಸಲಿಲ್ಲ. ಇದನ್ನು ಅವನೇ ಬಂದು ಹೇಳಿ, ಮೊದಲು ಅವನೇ ನಗುತ್ತಿದ್ದ.

ಮ್ಯಾನೇಜರ್ ಮೇಡಂ ಹತ್ತಿರ ಬಾಯಿಮಾತಿನಲ್ಲಿ ಮೂರು ಸಲ ಕೇಳಿದ. ಮೂರು ಸಲವೂ 'ನೋಡೋಣ' ಎಂಬ ಉತ್ತರ ಬಂತು. ನಾಲ್ಕನೆಯ ಸಲ, ಡಾಕ್ಟರ ಚೀಟಿಯ ಜೊತೆ ಬರೆದು ಕೊಡಿ ಎಂದರು.

ಘಟಕದ ನೌಕರರನ್ನು ನೋಡುವ ಡಾಕ್ಟರು ರಕ್ತದೊತ್ತಡ ನೋಡಿ, ಹೆಚ್ಚಾಗಿದೆ ಎಂದು ಬರೆದುಕೊಂಡು, ಅವನ ಕೈಗೊಂದು ಹಾಳೆ ಕೊಟ್ಟರು. ಎರಡು ವಾರದ ನಿದ್ದೆಯ ಲೆಕ್ಕ. ಎಷ್ಟು ಹೊತ್ತಿಗೆ ಮಲಗಿದಿರಿ, ಎಷ್ಟು ಹೊತ್ತಿಗೆ ನಿದ್ದೆ ಬಂತು, ಎಷ್ಟು ಸಲ ಎಚ್ಚರವಾಯಿತು, ಯಾವಾಗ ಎದ್ದಿರಿ. ದಿನಕ್ಕೆ ಒಂದೇ ಸಾಲು. ಎದ್ದ ಮೇಲೆ ನೆನಪಿನಿಂದ, ಅಂದಾಜಿನಲ್ಲಿ ತುಂಬಿ, ಮಧ್ಯೆ ಗಡಿಯಾರ ನೋಡಬೇಡಿ ಎಂದೂ ಹೇಳಿದ್ದರು. ಕೊನೆಯ ಮಾತು ಅವನ ಕಿವಿಗೆ ಬಿದ್ದಿತ್ತು, ಆದರೆ ಒಳಗೆ ಇಳಿದಿರಲಿಲ್ಲ. ರೀಡಿಂಗನ್ನು ಗಡಿಯಾರ ನೋಡದೆ ತೆಗೆಯುವುದು ಹೇಗೆ?

ಅವನು ಇನ್ನೂರು ಪುಟದ ನೋಟ್‌ಬುಕ್ ತಂದ. ಸ್ಕೇಲು ಇಟ್ಟು ಮನೆಗಳನ್ನು ಎಳೆದ. ಬೆಳಿಗ್ಗೆ ಎಂಟರಿಂದ ಸಂಜೆ ನಾಲ್ಕರವರೆಗೆ ಗಂಟೆಗೊಂದು ಸಾಲು. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ನಿದ್ದೆಯಲ್ಲಿದ್ದಾಗ ಸಾಲು ತುಂಬುವುದು ಹೇಗೆಂದು ಯೋಚಿಸಿ, ಗಂಟೆಗೊಮ್ಮೆ ಅಲಾರಂ ಇಟ್ಟುಕೊಂಡ. ಅಲಾರಂ ಹೊಡೆದಾಗ ಎದ್ದು, ಕನ್ನಡಕ ಹುಡುಕಿ, 'ಹನ್ನೊಂದು ಗಂಟೆ: ನಿದ್ದೆಯಲ್ಲಿದ್ದೇನೆ' ಎಂದು ಬರೆದು, ಸಹಿ ಹಾಕಿ, ಮತ್ತೆ ಮಲಗುತ್ತಿದ್ದ. ಹದಿನಾಲ್ಕು ದಿನ. ಗೋಡೆಯ ಆಚೆ ಪ್ರೆಸ್ಸಿನವನಿಗೂ ಆ ಅಲಾರಂ ಕೇಳಿಸುತ್ತಿತ್ತು. ಡಾಕ್ಟರು ಯಾವುದೋ ಹೊಸ ಚಿಕಿತ್ಸೆ ಹೇಳಿರಬೇಕು ಎಂದುಕೊಂಡು ಆ ಓದಾಳಿ ಸುಮ್ಮನಿದ್ದ. ನಿದ್ದೆಯ ಬಗ್ಗೆ ಮೂರು ಪುಸ್ತಕ ತಿದ್ದಿದ್ದವನು ಅವನು.

ಹನ್ನೆರಡನೆಯ ರಾತ್ರಿ ಮೀಟರಣ್ಣ ಘಟಕದ ಕುರ್ಚಿಯಲ್ಲಿ ನಿದ್ದೆ ಹೋದ. ಎಚ್ಚರವಾದಾಗ ನಾಲ್ಕು ನಲವತ್ತು. ರಿಜಿಸ್ಟರಿನಲ್ಲಿ ನಾಲ್ಕು ಗಂಟೆಯ ಮನೆ ಖಾಲಿ. ಓಡಿಹೋಗಿ ನೀರು ಹಿಡಿದು ಕ್ಲೋರಿನ್ ಪರೀಕ್ಷೆಯ ಮಾತ್ರೆ ಹಾಕಿ ನೋಡಿದ. ಬಣ್ಣ ಸರಿಯಾಗಿತ್ತು, ಒತ್ತಡ ಸರಿಯಾಗಿತ್ತು, ಊರಿಗೆ ಏನೂ ಆಗಿರಲಿಲ್ಲ. ಆದರೂ ನಾಲ್ಕು ಗಂಟೆಯ ಮನೆಯಲ್ಲಿ ಮೂರು ಗಂಟೆಯ ಅಂಕಿಗಳನ್ನೇ ಬರೆದುಬಿಟ್ಟ. ಕೆಲಸಕ್ಕೆ ಸೇರಿದ ಮೇಲೆ ನೋಡದೆ ಬರೆದ ಮೊದಲ ರೀಡಿಂಗ್ ಅದು.

ಡಾಕ್ಟರು ನೋಟ್‌ಬುಕ್ ತಿರುವಿ ನೋಡಿದರು. ಎಲ್ಲ ಎಚ್ಚರಗಳೂ ಸರಿಯಾಗಿ ಗಂಟೆಗೆ ಗಂಟೆ ಆಗುತ್ತಿರುವುದು ಹೇಗೆ ಎಂದು ಕೇಳಿದರು. ಅಲಾರಂ ವಿಷಯ ಹೊರಗೆ ಬಂತು. ಅವರು ನಗು ತಡೆಯಲು ಕಿಟಕಿಯತ್ತ ತಿರುಗಿದರಂತೆ.

"ಅಂದಾಜು ಬರೀರಿ ಅಂದಿದ್ನಲ್ರೀ."

"ಅಂದಾಜು ಬರೆಯೋದು ನನ್ನ ಕೈಲಾಗಲ್ಲ ಡಾಕ್ಟ್ರೇ," ಎಂದ ಮೀಟರಣ್ಣ. "ಮೊನ್ನೆ ಒಂದು ಸಲ ಬರೆದೆ. ಅವತ್ತಿಂದ ಅಲಾರಂ ಇಲ್ಲದೇನೇ ಎಚ್ಚರ ಆಗ್ತಿದೆ."

ಹೀಗೆ ನಾಲ್ಕು ಗಂಟೆಯ ವಿಷಯವನ್ನು ಅವನು ಮೊದಲು ಡಾಕ್ಟರ ಕೋಣೆಯಲ್ಲಿ ಬಾಯಿಬಿಟ್ಟ. ಅವರು ನಗುವುದನ್ನು ನಿಲ್ಲಿಸಿದರು. ನೋಟ್‌ಬುಕ್ಕನ್ನು ಬದಿಗಿಟ್ಟು, ಹನ್ನೊಂದು ವರ್ಷದ ಕಥೆಯನ್ನೆಲ್ಲ ಮತ್ತೆ ಕೇಳಿದರು. ರಾತ್ರಿ ಪಾಳಿಯಿಂದ ಬಂದ ನಿದ್ದೆಯ ತೊಂದರೆ, ಮೂರು ತಿಂಗಳು ರಾತ್ರಿ ಕೆಲಸ ಬೇಡ, ಆಮೇಲೆ ಮತ್ತೆ ನೋಡಬೇಕು ಎಂದು ಚೀಟಿ ಬರೆದರು. ಕಾಗದ ಮಾತ್ರ ನೀವೇ ಬರೆಯಬೇಕು ಎಂದರು.

ಆಗ ಅವನು ಪ್ರೆಸ್ಸಿನವನ ಬಾಗಿಲು ತಟ್ಟಿದ. ಪ್ರೆಸ್ಸಿನವನು ಇಂಥ ದಿನಕ್ಕೇ ಕಾದವನಂತೆ ಎರಡು ಪುಟ ಬರೆದುಕೊಟ್ಟ. ಅದರಲ್ಲಿ ನಿದ್ರೆ ಮುನಿಸಿಕೊಂಡು ಹೋಗಿತ್ತು, ಇರುಳು ಇರಿಯುತ್ತಿತ್ತು, ಕಣ್ಣೆವೆಗಳು ಕಂಬನಿಯ ಭಾರಕ್ಕೆ ಬಾಗಿದ್ದವು. ಮೀಟರಣ್ಣ ನಿಧಾನವಾಗಿ, ಬೆರಳಿಟ್ಟು, ಕೊನೆಯವರೆಗೂ ಓದಿದ.

"ಮೇಡಂಗೆ ಇದನ್ನ ಕೊಟ್ರೆ ರಾತ್ರಿ ಪಾಳಿ ತಪ್ಪುತ್ತೋ ಇಲ್ವೋ, ನನ್ನ ಮನೆ ಅಂತೂ ತಪ್ಪಿಹೋಗುತ್ತೆ ಮಾರಾಯಾ," ಎಂದ. "ಮದುವೆ ಆದ ಹೊಸದ್ರಲ್ಲಿ ನಿಮ್ಮ ಅತ್ತಿಗೆಗೂ ನಾನು ಹೀಗೆ ಬರೆದಿಲ್ಲ."

ಅಲ್ಲೇ ಕೂತು ತಾನೇ ಬರೆದ. ಹತ್ತು ಸಾಲಾಯಿತು. ಪ್ರೆಸ್ಸಿನವನ ಪೆಟ್ಟಿಗೆಯಲ್ಲಿ ಆ ಕಾಗದದ ಕರಡು ಇನ್ನೂ ಇದೆ:

'ಮಾನ್ಯರೇ, ಹನ್ನೊಂದು ವರ್ಷದಿಂದ ರಾತ್ರಿ ಪಾಳಿಯಲ್ಲಿದ್ದೇನೆ. ಹಗಲು ನಿದ್ದೆ ಬರುವುದಿಲ್ಲ. ಡಾಕ್ಟರ ಚೀಟಿ ಲಗತ್ತಿಸಿದೆ. ನಿದ್ದೆ ಅಳೆಯಲು ಹೋಗಿ ಇದ್ದ ನಿದ್ದೆಯನ್ನೂ ಕೆಡಿಸಿಕೊಂಡೆ, ಅದಕ್ಕೆ ಘಟಕ ಹೊಣೆಯಲ್ಲ, ನನ್ನ ತಲೆ ಹೊಣೆ. ಕಳೆದ ಗುರುವಾರ ನಾಲ್ಕು ಗಂಟೆಯ ರೀಡಿಂಗ್ ನಾನು ನೋಡಿದ್ದಲ್ಲ. ನಿದ್ದೆಯಲ್ಲಿದ್ದೆ. ಮೂರು ಗಂಟೆಯದನ್ನೇ ಬರೆದೆ. ನಾಲ್ಕು ನಲವತ್ತಕ್ಕೆ ನೋಡಿದಾಗ ಎಲ್ಲ ಸರಿಯಿತ್ತು. ಮುಂದಿನ ಸಲ ಸರಿಯಿರುತ್ತದೆ ಎಂದು ಹೇಳಲಾರೆ. ಆದ್ದರಿಂದ ನನ್ನನ್ನು ಹಗಲು ಪಾಳಿಗೆ ಹಾಕಬೇಕೆಂದು ಕೋರುತ್ತೇನೆ.'

ಪ್ರೆಸ್ಸಿನವನು ಅಭ್ಯಾಸಬಲದಿಂದ ಕೆಂಪು ಪೆನ್ನು ತೆಗೆದು ಗುರುವಾರದಿಂದ ಶುರುವಾಗುವ ಐದು ವಾಕ್ಯಗಳ ಸುತ್ತ ಗೆರೆ ಎಳೆದ. ಇದು ಬೇಡ, ಇದನ್ನು ಬರೆದರೆ ಪಾಳಿ ಬದಲಾಗುವುದಿಲ್ಲ, ಕೆಲಸವೇ ಹೋಗುತ್ತದೆ, ಯಾರಿಗೂ ಗೊತ್ತಿಲ್ಲದ್ದನ್ನು ಯಾಕೆ ಕೆದಕುತ್ತೀಯ ಎಂದು ವಾದಿಸಿದ. ಒಳ್ಳೆಯ ವಾದವೇ. ಬರೆದಿದ್ದರಲ್ಲಿ ಜೀವವಿದ್ದ ಜಾಗ ಯಾವುದೋ ಅದನ್ನೇ ಹುಡುಕಿ ಹೊಡೆಯುವ ವಿದ್ಯೆ ಅವನಿಗೆ ಒಲಿದಿತ್ತು.

"ನನಗೆ ಗೊತ್ತಲ್ಲ," ಎಂದ ಮೀಟರಣ್ಣ. "ಅದೇ ಊರಿನ ನೀರು ನೀನೂ ಕುಡಿಯೋದು, ನಿಮ್ಮ ಅತ್ತಿಗೇನೂ ಕುಡಿಯೋದು."

ಹಾಗೆಯೇ ಶುದ್ಧವಾಗಿ ಬರೆದು ತೆಗೆದುಕೊಂಡು ಹೋದ. ಮರುದಿನ ಬೆಳಿಗ್ಗೆ ಪಾಳಿ ಒಪ್ಪಿಸಿ ಮ್ಯಾನೇಜರ ಮೇಜಿನ ಮುಂದೆ ನಿಂತ. ಮೇಜಿಗೆ ಆನಿಕೊಳ್ಳಲು ಹೋಗಿ ಅವರ ಪೆನ್ನಿನ ಡಬ್ಬಿ ಬೀಳಿಸಿದ. ಮೇಡಂ ಕಾಗದ ಓದಿದರು. ಗುರುವಾರದ ರಿಜಿಸ್ಟರ್ ತರಿಸಿದರು. ಹೊರಹೋಗುವ ಕೊಳವೆಯಲ್ಲಿನ ಯಂತ್ರ ತಾನೇ ದಾಖಲಿಸಿಟ್ಟ ಅಂಕಿಗಳನ್ನು ತೆಗೆದು ಪಕ್ಕದಲ್ಲಿಟ್ಟು ನೋಡಿದರು. ನಾಲ್ಕು ಗಂಟೆಗೆ ನೀರು ಸರಿಯಾಗಿಯೇ ಇತ್ತು. 

"ನೋಡದೇ ಬರೆದಿದ್ದಕ್ಕೆ ಲಿಖಿತ ಎಚ್ಚರಿಕೆ ಕೊಡ್ಲೇಬೇಕು. ಕೊಡ್ತೀನಿ," ಎಂದರು. "ಆದ್ರೆ ಈ ಗುರುವಾರದ ಸಾಲು ಇಲ್ಲದೇ ಇದ್ದಿದ್ರೆ ನಾನು ಮತ್ತೆ ನೋಡೋಣ ಅಂತಲೇ ಹೇಳ್ತಿದ್ದೆ. ಮೂರು ಸಲ ಹೇಳಿದೀನಿ. ಅದು ನನ್ನ ತಪ್ಪು. ಇವತ್ತು ರಾತ್ರಿಯಿಂದ ನೀವು ಬರಬೇಡಿ, ಬದಲಿ ಆಪರೇಟರ್‌ನ ಹಾಕ್ತೀನಿ."

ಉಳಿದಿಬ್ಬರು ಆಪರೇಟರುಗಳನ್ನು ಕರೆದು ಕೂರಿಸಿದರು. ಬೆಳಗಿನ ಪಾಳಿಯ ಗುಂಡಣ್ಣ ಮತ್ತು ಸಂಜೆ ಪಾಳಿಯ ಹೊಸಬ. ಹೊಸಬ ಸೇರಿ ಹನ್ನೆರಡು ವರ್ಷವಾಗಿತ್ತು, ಹೆಸರು ಮಾತ್ರ ಹಳತಾಗಿರಲಿಲ್ಲ. ಇಬ್ಬರೂ ಮೊದಲು ಮುಖ ಸಿಂಡರಿಸಿದರು. ಬೆಳಗಿನ ಪಾಳಿ ತನಗೆ ಸಿಕ್ಕರೆ ಭಾನುವಾರಗಳನ್ನೂ ತಾನೇ ಮಾಡುತ್ತೇನೆ ಎಂದ ಮೀಟರಣ್ಣ. ಸಂಜೆ, ರಾತ್ರಿಗಳನ್ನು ಇಬ್ಬರೂ ತಿಂಗಳಿಗೊಬ್ಬರಂತೆ ಹಂಚಿಕೊಳ್ಳುವುದೆಂದು ಆಯಿತು.

"ಒಳ್ಳೇದೇ ಆಯ್ತು ಬಿಡೋ," ಎಂದ ಗುಂಡಣ್ಣ. "ಎರಡು ವರ್ಷದಿಂದ ಬೆಳಿಗ್ಗೆ ಪಾಳಿ ಒಪ್ಪಿಸುವಾಗ ನೀನು ನಿದ್ದೆಗಣ್ಣಲ್ಲಿ ನನ್ನನ್ನ ಹೊಸಬ ಅಂತ ಕರೀತಿದ್ದೆ. ಅವಮಾನ ಆಗ್ತಿತ್ತು."

ಎಚ್ಚರಿಕೆಯ ಪತ್ರವನ್ನು ಮೀಟರಣ್ಣ ಮನೆಗೆ ತಂದು ಗೋಡೆಗೆ ಅಂಟಿಸಿದ. ತನ್ನ ಹೆಸರು ತಪ್ಪಿಲ್ಲದೆ ಅಚ್ಚಾಗಿರುವ ಕಾಗದ ಇದೊಂದೇ ಎನ್ನುತ್ತಿದ್ದ.

ಮೂರು ತಿಂಗಳ ನಂತರ ಡಾಕ್ಟರು ಮತ್ತೆ ನೋಡಿ, ಹಗಲು ಪಾಳಿಯೇ ಇರಲಿ ಎಂದರು. ಅದು ಮೂರು ವರ್ಷ ನಡೆಯಿತು. ಪಾಳಿ ಬದಲಾದ ಕೂಡಲೇ ನಿದ್ದೆ ಓಡಿಬರಲಿಲ್ಲ. ಹಲವು ವಾರ ಅವನು ರಾತ್ರಿ ಎರಡಕ್ಕೆ ಎದ್ದು ಮನೆಯ ನಲ್ಲಿಯ ನೀರನ್ನೇ ಪರೀಕ್ಷಿಸುತ್ತಿದ್ದ. ಆಮೇಲೆ ನಿಧಾನವಾಗಿ ಬಂತು. ಬಂದದ್ದು ಗೋಡೆಯ ಈಚೆಗೂ ತಿಳಿಯಿತು, ಗೊರಕೆ ಆ ಮಟ್ಟದ್ದು. ಕಾಗದ ಬರೆಯಲು ಸಹಾಯ ಮಾಡಿದ ಪಾಪಕ್ಕೆ ಈಗ ತನ್ನ ನಿದ್ದೆ ಕೆಡುತ್ತಿದೆ ಎಂದು ಪ್ರೆಸ್ಸಿನವನು ದೂರಿದರೆ, ನೀನು ಸಹಾಯ ಮಾಡಿದ್ದು ಯಾವಾಗ ಎಂದು ಕೇಳುತ್ತಿದ್ದ.

ಡಾಕ್ಟರು ಕೇಳದಿದ್ದರೂ ನೋಟ್‌ಬುಕ್ ಮಾತ್ರ ಬಿಡಲಿಲ್ಲ. ಅಲಾರಂ ಬಿಟ್ಟ. ದಿನಕ್ಕೊಂದು ಸಾಲು, ಬೆಳಿಗ್ಗೆ ಎದ್ದ ಮೇಲೆ. ನಿದ್ದೆ ಬಂದ ಹೊತ್ತಿನ ಮನೆ ಮಾತ್ರ ಮೂರು ವರ್ಷವೂ ಖಾಲಿ. ನೋಡಿಲ್ಲ, ಹಾಗಾಗಿ ಬರೆಯುವಂತಿಲ್ಲ. ಒಂದು ಅಂದಾಜು ಹಾಕಿದರೆ ಆಕಾಶ ಬೀಳುತ್ತದೆಯೇ ಎಂದು ಅತ್ತಿಗೆ ರೇಗಿಸುತ್ತಿದ್ದರು.

ಮೊನ್ನೆ, ಬಂದವರೆಲ್ಲ ಹೋದ ಮೇಲೆ, ಅತ್ತಿಗೆ ಆ ನೋಟ್‌ಬುಕ್ ತಂದು ಪ್ರೆಸ್ಸಿನವನ ಕೈಗಿಟ್ಟರು. ತಿದ್ದಲು ಏನೂ ಇರಲಿಲ್ಲ. ಮಂಗಳವಾರ ಅವನು ಎಂದಿನಂತೆ ಎದ್ದು, ಮುಖ ತೊಳೆದು, ಸಮವಸ್ತ್ರದ ಅಂಗಿ ಹಾಕಿಕೊಂಡು, ಮೇಜಿನ ಮುಂದೆ ಕೂತು, ಚಹಾ ತಣ್ಣಗಾಗಲಿ ಎಂದು ಲೋಟ ಪಕ್ಕಕ್ಕೆ ಸರಿಸಿ, ಆ ದಿನದ ಸಾಲು ತುಂಬಿದ್ದ. ಮಲಗಿದ್ದು ಹತ್ತು. ಎದ್ದಿದ್ದು ಐದು. ಮಧ್ಯೆ ಎಚ್ಚರ ಇಲ್ಲ. ಮೂರು ವರ್ಷ ಖಾಲಿ ಬಿಟ್ಟಿದ್ದ ಮನೆಯಲ್ಲಿ, ನಿದ್ದೆ ಬಂದ ಹೊತ್ತು ಎಂಬಲ್ಲಿ, 'ಹತ್ತೂಕಾಲು ಇರಬಹುದು, ಅಂದಾಜು' ಎಂದು ಬರೆದು, ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿಟ್ಟಿದ್ದ.