ಚುಕ್ಕಿಯಿಂದ ಚುಕ್ಕಿಗೆ ಎಳೆದ ಗೆರೆ

ನಾನು ಹಾವೇರಿಯ ಒಂದು ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಅದೇ ಕಾಲೇಜಿನಲ್ಲಿ ನನಗೆ ಭೌತಶಾಸ್ತ್ರ ಕಲಿಸಿದ ಮೇಡಂ, ನಾನು ಕೆಲಸಕ್ಕೆ ಸೇರಿದ ಮೇಲೆ ನನ್ನ ಪಕ್ಕದ ಕುರ್ಚಿಯವರಾದರು. ಅವರು ದಿನವೂ ಬ್ಯಾಡಗಿಯಿಂದ ಬಸ್ಸಿಗೆ ಬರುತ್ತಿದ್ದರು. ಗಂಡನದು ಅಲ್ಲಿ ಮೆಣಸಿನಕಾಯಿ ದಲಾಲಿ ಅಂಗಡಿ. ಸುಗ್ಗಿಯಲ್ಲಿ ಅವರ ಸೆರಗಿನೊಂದಿಗೆ ಘಾಟೂ ಬಂದು ಮುಂದಿನ ಬೆಂಚಿನ ಹುಡುಗರು ಸೀನುತ್ತಿದ್ದರು. ಮೇಡಂ ನಕ್ಕು ಫ್ಯಾನ್ ಜೋರು ಮಾಡಿಸುತ್ತಿದ್ದರು.

ಗ್ರಾಫ್ ಹಾಳೆ ಕೈಗೆ ಬಂದಾಗ ಮಾತ್ರ ಅವರಿಗೆ ನಗೆ ಇರುತ್ತಿರಲಿಲ್ಲ. "ಇದು ರಂಗೋಲಿ ಅಲ್ಲ, ಚುಕ್ಕಿಗೆ ಚುಕ್ಕಿ ಜೋಡಸ್ಬ್ಯಾಡ್ರಿ" ಎನ್ನುತ್ತಿದ್ದರು. "ಪ್ರತಿ ಚುಕ್ಕಿಯಾಗೂ ನಿಮ್ಮ ಕೈಯ ತಪ್ಪು ಒಂದೀಟು ಇರ್ತದ. ಎಲ್ಲಾ ಚುಕ್ಕಿ ನೋಡ್ರಿ, ಅವುಗಳ ನಡುವ ಒಂದ ಸೀದಾ ಗೆರಿ ಎಳೀರಿ. ಕೆಲವು ಮ್ಯಾಲ ಉಳೀತಾವ, ಕೆಲವು ಕೆಳಗ. ಉಳೀಲಿ." ನಾನು ಇವತ್ತಿಗೂ ಪಾಠ ಮಾಡುವುದು ಅವರ ಮಾತಿನಲ್ಲೇ.

ವಾರ್ಷಿಕ ಪರೀಕ್ಷೆಗೆ ಮುಂಚೆ ನಮ್ಮಲ್ಲಿ ಒಂದು ತಯಾರಿ ಪ್ರಾಯೋಗಿಕ ಪರೀಕ್ಷೆ ಇರುತ್ತದೆ. ಈ ಸಲ ಮೇಡಂ ಸರಳ ಲೋಲಕದ ಪ್ರಶ್ನೆಯನ್ನೇ ಇಟ್ಟರು. ಗುಂಡು ತೂಗುಬಿಟ್ಟ ದಾರದ ಉದ್ದ ಬದಲಿಸುತ್ತ ಇಪ್ಪತ್ತು ಆಂದೋಲನಗಳ ಸಮಯ ಅಳೆಯಬೇಕು. ಉದ್ದದ ಎದುರು ಆಂದೋಲನಾವಧಿಯ ವರ್ಗವನ್ನು ಗ್ರಾಫಿನಲ್ಲಿ ಗುರುತಿಸಬೇಕು. ಗೆರೆಯ ಇಳಿಜಾರಿನಿಂದ ಗುರುತ್ವ ವೇಗೋತ್ಕರ್ಷ ತೆಗೆಯಬೇಕು. ಅಂಕ ಕೊಡುವ ಕ್ರಮವನ್ನು ಅವರು ಹೇಳಿದರು, ನಾನು ಬರೆದುಕೊಂಡೆ. ಅಕ್ಷಗಳಿಗೆ ಹೆಸರು, ಮಾನ ಬರೆದರೆ ಒಂದು. ಚುಕ್ಕಿಗಳು ಅರ್ಧ ಹಾಳೆಗಿಂತ ಹೆಚ್ಚು ಹರಡುವಂಥ ಸ್ಕೇಲ್ ಹಿಡಿದರೆ ಒಂದು. ಚುಕ್ಕಿಗಳಿಗೆ ಒಂದು. ಅತ್ಯುತ್ತಮ ಸರಳರೇಖೆಗೆ ಒಂದು. ಇಳಿಜಾರಿಗೆ ಒಂದು, ಆದರೆ ಎರಡೂ ಬಿಂದುಗಳನ್ನು ಗೆರೆಯ ಮೇಲಿಂದ, ದೂರದೂರ ಆರಿಸಿರಬೇಕು. ಉತ್ತರಕ್ಕೆ ಒಂದು. ಉದ್ದದ ಸಾಪೇಕ್ಷ ದೋಷಕ್ಕೆ ಸಮಯದ ಸಾಪೇಕ್ಷ ದೋಷದ ಎರಡು ಪಟ್ಟು ಸೇರಿಸಿ ಒಟ್ಟು ದೋಷ ತೆಗೆದರೆ ಎರಡು. ಕೊನೆಯ ಎರಡು ಅಂಕ ಅವರ ಮೆಚ್ಚಿನ ಪ್ರಶ್ನೆಗೆ: ಉದ್ದವನ್ನು ಗುಂಡಿನ ಕೇಂದ್ರದ ತನಕ ಅಳೆಯದೆ ಗುಂಡಿನ ತಲೆಯ ಕೊಕ್ಕೆಯ ತನಕ ಮಾತ್ರ ಅಳೆದರೆ ಗೆರೆ ಏನಾಗುತ್ತದೆ? ಗೆರೆ ಮೂಲಬಿಂದುವಿನಿಂದ ಮೇಲಕ್ಕೆ ಸರಿಯುತ್ತದೆ, ಇಳಿಜಾರು ಬದಲಾಗುವುದಿಲ್ಲ. ಎಷ್ಟು ಸಲ ಅಳತೆ ತಿರುಗಿ ತೆಗೆದರೂ ಆ ತಪ್ಪು ಹೋಗುವುದಿಲ್ಲ, ಏಕೆಂದರೆ ಪ್ರತಿ ಸಲವೂ ಅದೇ ತಪ್ಪನ್ನೇ ಅಳೆಯುತ್ತಿರುತ್ತೇವೆ.

ಪರೀಕ್ಷೆ ಮುಗಿಯಿತು. ಅರ್ಧ ಪತ್ರಿಕೆ ಮೇಡಂ ನೋಡಿದರು, ಅರ್ಧ ನಾನು.

ಅಂಕ ತಿಳಿಸಿದ ಮರುದಿನ ಅಗಡಿ ಊರಿನಿಂದ ಬರುವ ಒಬ್ಬ ಹುಡುಗಿ ಲ್ಯಾಬಿನ ಬಾಗಿಲಲ್ಲಿ ನಿಂತಿದ್ದಳು. ಅವಳ ಪತ್ರಿಕೆ ನೋಡಿದ್ದವರು ಮೇಡಂ, ಆದರೆ ಅವಳು ಕೇಳಿದ್ದು ನನ್ನನ್ನು.

"ಮೇಡಂ, ನನಗ ಹತ್ತಕ್ಕ ಐದ ಬಂದಾವರಿ. ಎಲ್ಲಿ ತಪ್ಪೇನಿ ಹೇಳ್ರಿ."

ಹಾಳೆ ನೋಡಿದೆ. ಗೆರೆ ತೆಳ್ಳಗೆ, ಚೊಕ್ಕಾಗಿ, ಚುಕ್ಕಿಗಳ ನಡುವೆ ಹಾದುಹೋಗಿತ್ತು. ಅದರ ಮೇಲೆ ಮೇಡಂ ಕೆಂಪು ಶಾಯಿಯಲ್ಲಿ ಗೀಟು ಹಾಕಿ, "ಗೆರೆ ಬಿಂದುಗಳನ್ನು ಮುಟ್ಟಿಲ್ಲ" ಎಂದು ಬರೆದಿದ್ದರು. ಮುಂದಿನ ಇಳಿಜಾರು, ಉತ್ತರ, ಕೊಕ್ಕೆಯ ಪ್ರಶ್ನೆ ಎಲ್ಲಕ್ಕೂ ಸೊನ್ನೆ. ಮೇಡಂ ನೋಡಿದ್ದ ಅದೇ ಪತ್ರಿಕೆಗಳ ಕಟ್ಟಿನಲ್ಲಿ ಇನ್ನೊಬ್ಬನ ಹಾಳೆ ತೆಗೆದೆ. ಅವನು ಚುಕ್ಕಿಯಿಂದ ಚುಕ್ಕಿಗೆ ಅಂಕುಡೊಂಕಾಗಿ ಎಳೆದು, ಕೊನೆಗೆ ಮೂಲಬಿಂದುವಿಗೂ ಜಗ್ಗಿ ಸೇರಿಸಿದ್ದ. ಹತ್ತಕ್ಕೆ ಹತ್ತು.

ಮೇಡಂಗೆ ದಣಿವಾಗಿರಬೇಕು ಅಂದುಕೊಂಡೆ. ಹುಡುಗಿಯನ್ನು ಕಳಿಸಿ, ಎರಡೂ ಹಾಳೆ ಹಿಡಿದು ಅವರ ಹತ್ತಿರ ಹೋದೆ. ಅವರು ಒಳಗಿನ ಕೋಣೆಯಲ್ಲಿ ಲೋಲಕದ ದಾರ ಸುತ್ತಿಡುತ್ತಿದ್ದರು.

"ಮೇಡಂ, ಈ ಹುಡುಗಿದು ಸರಿ ಐತಲ್ರಿ?"

"ಎಲ್ಲಿ ಸರಿ? ಗೆರಿ ಚುಕ್ಕಿ ಬಿಟ್ಟು ಹೋಗೈತಿ ನೋಡು."

"ಹಂಗ ಹೋಗಬೇಕಂತ ನೀವ ಹೇಳ್ಕೊಟ್ಟೀರಿ."

ಅವರು ನನ್ನ ಮುಖ ನೋಡಿದರು. ಸಿಟ್ಟು ಬಂದಂತಿತ್ತು. ಪೆನ್ಸಿಲ್, ಸ್ಕೇಲ್ ಎಳೆದುಕೊಂಡು, "ಕೊಡಿಲ್ಲೆ, ತೋರಸ್ತೀನಿ" ಎಂದು ಹೊಸ ಹಾಳೆ ತೆಗೆದರು. ಅಕ್ಷ ಎಳೆದರು, ಹೆಸರು, ಮಾನ ಬರೆದರು. ಹುಡುಗಿಯ ಅಳತೆಗಳ ಚುಕ್ಕಿಗಳನ್ನು ಒಂದಿಷ್ಟೂ ಆಚೀಚೆಯಾಗದಂತೆ ಇಟ್ಟು ಪ್ರತಿಯೊಂದಕ್ಕೂ ಸಣ್ಣ ವೃತ್ತ ಹಾಕಿದರು. ನನ್ನ ಜೀವ ತಣ್ಣಗಾಯಿತು. ಆಮೇಲೆ ಅವರು ಮೊದಲ ಚುಕ್ಕಿಯಿಂದ ಎರಡನೆಯದಕ್ಕೆ ಎಳೆದರು. ಅಲ್ಲಿಂದ ಮೂರನೆಯದಕ್ಕೆ. ಅಲ್ಲಿಂದ ಮುಂದಿನದಕ್ಕೆ. ಎಳೆದು ಮುಗಿಸಿ, ಹಾಳೆಯನ್ನು ಕೊಂಚ ದೂರ ಹಿಡಿದು ನೋಡಿದರು.

ಸ್ಕೇಲನ್ನು ಗೆರೆಯ ಮೇಲೆ ಒಮ್ಮೆ ಇಟ್ಟು ತೆಗೆದರು.

"ಇದು ಹಿಂಗ ಇರೂದಿಲ್ಲ, ಹೌದಿಲ್ಲು?" ಎಂದರು. "ಏನೋ ತಪ್ಪೈತಿ. ಏನಂತ ಗೊತ್ತಾಗವಲ್ದು ನನಗ."

ನಾನು ಅವರ ಕೈಯಿಂದ ಸ್ಕೇಲ್ ತೆಗೆದುಕೊಂಡು ಚುಕ್ಕಿಗಳ ನಡುವೆ ಒಂದು ಗೆರೆ ಎಳೆದೆ. ನಾನು ಹುಡುಗಿಯಾಗಿದ್ದಾಗ ನನ್ನ ಕೈ ಹಿಡಿದು ಅದನ್ನು ಎಳೆಸಿದವರು ಈಗ ಪಾಠ ಕೇಳುವವರ ಹಾಗೆ ತಲೆ ಬಾಗಿಸಿ ನೋಡುತ್ತಿದ್ದರು. "ಹಾಂ, ಹಿಂಗ" ಎಂದು ಮೆಲ್ಲಗೆ ಅಂದರು. ನನ್ನ ಕಣ್ಣು ತುಂಬಿ ಹಾಳೆಯ ಚೌಕಗಳೇ ಕಾಣದಾದವು.

"ಅಳಬ್ಯಾಡ" ಎಂದರು ಮೇಡಂ. "ದೀಪಾವಳಿಯಿಂದ ಹಿಂಗ ಆಗಾಕತ್ತೈತಿ. ಒಮ್ಮೆ ಬಸ್ ಇಳಿದು ಮನಿ ದಾರಿ ತಿಳೀಲಿಲ್ಲ. ಇವರು ಹುಬ್ಬಳ್ಳಿಗೆ ಡಾಕ್ಟರ್ ಕಡೆ ಕರ್ಕೊಂಡು ಹೋಗಿದ್ರು. ಮರೆವಿನ ಬ್ಯಾನಿ ಅಂತ. ಪಾಠಕ್ಕ ಏನೂ ಆಗಿಲ್ಲ ಅಂತ ನನಗ ನಾನ ಹೇಳ್ಕೊಂಡಿದ್ದೆ. ಪ್ರತಿ ಪತ್ರಿಕೆ ಎರಡೆರಡು ಸಲ ನೋಡೀನಿ ತಂಗಿ. ಎರಡೂ ಸಲ ಅದ ತಪ್ಪು ಮಾಡೀನಿ, ನೋಡು."

ಅವರು ನೋಡಿದ ಕಟ್ಟನ್ನು ಅವತ್ತೇ ನಾವಿಬ್ಬರೂ ಕೂತು ತಿರುಗಿ ನೋಡಿದೆವು. ಅವರು ಒಂದೊಂದೇ ಹಾಳೆ ಬಿಡಿಸಿ ಕೊಟ್ಟರು, ನಾನು ಅಂಕ ತಿದ್ದಿದೆ. ಅಗಡಿಯ ಹುಡುಗಿಗೆ ಹತ್ತು ಬಂತು. ಅಂಕುಡೊಂಕು ಗೆರೆಯವನು ಕೆಳಗಿಳಿದ. ಪ್ರತಿ ಸಲ ನಾನು ಕೆಂಪು ಗೀಟು ಹೊಡೆದಾಗ ಅವರು ಕೇಳುತ್ತಿದ್ದರು: "ಇದೂ ನಂದ ತಪ್ಪೇನು?"

ನಾನು ಹೌದೆಂದು ತಲೆಯಾಡಿಸುತ್ತಿದ್ದೆ.

ಮುಂದಿನ ತಿಂಗಳು ವಾರ್ಷಿಕ ಪರೀಕ್ಷೆಗೆ ಅವರು ರಾಣೆಬೆನ್ನೂರಿಗೆ ಪರೀಕ್ಷಕರಾಗಿ ಹೋಗಬೇಕಿತ್ತು. ಆ ಮಾತನ್ನು ಎತ್ತುವುದು ಹೇಗೆಂದು ನಾನು ತಡವರಿಸುತ್ತಿರುವಾಗ ಅವರೇ ಎದ್ದರು.

"ನಡಿ, ಪ್ರಿನ್ಸಿಪಾಲರ ಕಡೆ ಹೋಗೂಣು. ಮಂದಿ ಮಕ್ಕಳ ಮಾರ್ಕ್ಸ್ ಅವು. ನಾ ಇನ್ನ ಮುಟ್ಟಬಾರದು."

ಪ್ರಿನ್ಸಿಪಾಲರ ಎದುರು ಎಲ್ಲವನ್ನೂ ಅವರೇ ಸ್ಪಷ್ಟವಾಗಿ ಹೇಳಿದರು. ಹೊರಗೆ ಬಂದ ಮೇಲೆ ಕಾರಿಡಾರಿನ ಕಂಬಕ್ಕೆ ಒರಗಿ ಅತ್ತರು. ಅಷ್ಟು ವರ್ಷಗಳಲ್ಲಿ ಅವರು ಅತ್ತದ್ದನ್ನು ನಾನು ಕಂಡಿರಲಿಲ್ಲ. ಸಂಜೆ ಬಸ್ ಸ್ಟ್ಯಾಂಡಿನ ತನಕ ಹೋಗಿ, ಬ್ಯಾಡಗಿ ಬಸ್ಸಿನಲ್ಲಿ ಕೂರಿಸಿ, ಅವರ ಯಜಮಾನರಿಗೆ ಫೋನು ಮಾಡಿದೆ. ಮರುವಾರದಿಂದ ಅವರು ರಜೆ ಹಾಕಿದರು. ರಾಣೆಬೆನ್ನೂರಿಗೆ ಅವರ ಬದಲು ನಾನು ಹೋದೆ.

ಬೇಸಿಗೆ ರಜೆಯಲ್ಲಿ ಬ್ಯಾಡಗಿಗೆ ಹೋಗಿದ್ದೆ. ಮೇಡಂ ನನ್ನನ್ನು ನೋಡಿದ ಕೂಡಲೇ ಹೆಸರು ಹಿಡಿದು ಕರೆದರು. ನಮ್ಮವ್ವನ ಮಂಡಿನೋವು ಕೇಳಿದರು, ನನ್ನ ಮಗಳ ಹಲ್ಲು ಬಿದ್ದದ್ದು ಕೇಳಿದರು. ಚಹಾ ಅವರೇ ತಂದರು. ಸಕ್ಕರೆ ಕಡಿಮೆ ಬೇಕೆನ್ನುವುದೂ ನೆನಪಿತ್ತು. ಕಾಲೇಜಿನ ಮಾತು ನಾನು ತೆಗೆಯಲಿಲ್ಲ, ಅವರೂ ತೆಗೆಯಲಿಲ್ಲ. ಡಾಕ್ಟರು ಹೇಳಿದ್ದು ಸುಳ್ಳಾಗಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡು ಎದ್ದೆ.

ಯಜಮಾನರು ಓಣಿಯ ತಿರುವಿನ ತನಕ ಕಳಿಸಲು ಬಂದರು.

"ಅಣ್ಣಾರ, ಬಾಳ ಆರಾಮ ಕಾಣ್ತಾರ್ರಿ" ಎಂದೆ.

ಬಸ್ ಬರುವುದು ಕಂಡ ಮೇಲೆ ಅವರು ಹೇಳಿದರು:

"ನೀವು ಚಪ್ಪಲಿ ಹಾಕೋಳಾಕ ಹೊರಗ ಬಂದ್ರಲ್ಲ, ಆವಾಗ ನನ್ನ ಕರದು ಕೇಳಿದ್ಳರಿ, ಈ ಹುಡುಗಿ ಕಾಲೇಜಿನಾಗ ಏನ ಕಲಸ್ತಾಳ ಅಂತ."