ಕ್ಲಿಯರ್ ಆತ್ರಿ

ಸಿಂದಗಿಯ ರೇವವ್ವನ ಅಂಗಡಿಯಲ್ಲಿ ಕೌದಿ, ಕೂಸಿನ ತಲೆಗೆ ಹಾಕುವ ಕುಲಾವಿ ಸಿಗುತ್ತವೆ. 2007ರಲ್ಲಿ ಅದಕ್ಕೊಂದು ವೆಬ್‌ಸೈಟೂ ಆಯಿತು. ಮಾಡಿದವಳು ಆಕೆಯ ತಮ್ಮನ ಮಗಳು ಭಾಗ್ಯಜ್ಯೋತಿ, ಡಿಸೈನ್ ಕಲಿತು ಬಂದವಳು. ಮೂರು ವಾರವಾದರೂ ಒಂದು ಆರ್ಡರೂ ಬರಲಿಲ್ಲ.

"ಸೋಮವಾರತನಾ ನೋಡ್ತೇನಿ ಯವ್ವಾ. ಆಮ್ಯಾಲೆ ಈ ಟಿವಿ ಎತ್ತಿ, ಟೇಬಲ್ ಮ್ಯಾಲೆ ಹೊಲಿಗಿ ಮಷೀನ್ ಇಡ್ತೇನಿ," ಎಂದಳು ಅತ್ತೆ. ಕಂಪ್ಯೂಟರಿಗೆ ಆಕೆ ಟಿವಿ ಎಂದೇ ಅನ್ನುತ್ತಿದ್ದಳು.

ಅಷ್ಟರಲ್ಲಿ ಬಸವನ ಬಾಗೇವಾಡಿಯ ಗಿರಾಕಿಯಾದ ನಾನು ಅಂಗಡಿಗೆ ಫೋನ್ ಮಾಡಿ ಬೈದಿದ್ದೆ: "ನಾಕ್ ಸಲ ಆರ್ಡರ್ ಹಾಕೇನಿ, ಕುಲಾವಿ ಎಲ್ಲೈತಿ?" ತಂಗಿಯ ಮೊಮ್ಮಗನಿಗೆ ಹೆಸರಿಡುವ ದಿನ ಹತ್ತಿರವಾಗಿತ್ತು.

ಶನಿವಾರ ಭಾಗ್ಯಜ್ಯೋತಿ ಬಸ್ಸು ಹತ್ತಿ ನಮ್ಮೂರಿಗೆ ಬಂದೇಬಿಟ್ಟಳು. ನಾನು ಆರ್ಡರ್ ಹಾಕುತ್ತಿದ್ದ ನಿಯಾಜನ ಸೈಬರ್ ಕೆಫೆಯಲ್ಲಿ ನನ್ನ ಹಿಂದೆ ಕುರ್ಚಿ ಹಾಕಿಕೊಂಡಳು.

"ಹೆಂಗ ಮಾಡ್ತೀರಿ ಮಾಡ್ರಿ ಕಾಕಾ. ನಾ ಬಾಯಿ ತೆಗ್ಯಂಗಿಲ್ಲ."

ಒಂದೇ ಬೆರಳಿನಲ್ಲಿ ಹೆಸರು, ವಿಳಾಸ, ಕುಲಾವಿಯ ಅಳತೆ, ಫೋನ್ ನಂಬರ್ ಕುಟ್ಟಿದೆ. ಕೆಳಗೆ 'ಕ್ಲಿಯರ್' ಎಂಬ ಬಟನ್. ಒತ್ತಿದೆ. ಬರೆದದ್ದೆಲ್ಲ ಮಾಯ.

"ನೋಡವ್ವಾ, ಕ್ಲಿಯರ್ ಆತು!"

ಇಪ್ಪತ್ತಾರು ವರ್ಷ ತಹಸೀಲ ಕಚೇರಿಯಲ್ಲಿ ಕಳೆದವನು ನಾನು. ಫೈಲು ಕ್ಲಿಯರ್ ಆಯಿತೆಂದರೆ ಕೆಲಸ ಮುಗಿಯಿತು, ಚಹಾಕ್ಕೆ ಏಳಬಹುದು. ಪಕ್ಕದ ಕಂಪ್ಯೂಟರಿನಲ್ಲಿದ್ದ ನರ್ಸ್ ಶಮಾ ಕೂಡ, "ನಂದೂ ಹೋದ ವಾರನ ಕ್ಲಿಯರ್ ಆಗೈತ್ರಿ, ಮಾಲ್ ಬಂದಿಲ್ಲ," ಎಂದಳು.

ಭಾಗ್ಯಜ್ಯೋತಿ ಹಣೆ ಚಚ್ಚಿಕೊಂಡಳು. ಅದು ಬರೆದದ್ದನ್ನು ಅಳಿಸುವ ಬಟನ್ ಅಂತೆ!

"ಮತ್ತ ಕಳಿಸೋದು ಎಲ್ಲಿ ಬಚ್ಚಿಟ್ಟೀ?"

ಆಕೆ ಪರದೆಯ ತಳದ ಪಟ್ಟಿಯನ್ನು ಬಲಕ್ಕೆ ಎಳೆದಳು. ಮೂಲೆಯಲ್ಲಿ 'ಆರ್ಡರ್ ಕಳಿಸಿ' ಅಡಗಿ ಕೂತಿತ್ತು. ಆಕೆ ಪುಟ ಮಾಡಿದ್ದು ಅಗಲವಾದ ಪರದೆಯ ಮೇಲೆ. ನಿಯಾಜನ ಸಣ್ಣ ಪರದೆಯಲ್ಲಿ ಅದರ ಬಲಭಾಗ ಹೊರಗೇ ಉಳಿಯುತ್ತಿತ್ತು. ಕಣ್ಣಿಗೆ ಬೀಳುತ್ತಿದ್ದದ್ದು 'ಕ್ಲಿಯರ್' ಒಂದೇ.

ಪೆನ್‌ಡ್ರೈವಿನಿಂದ ಪುಟ ತೆರೆದು, 'ಆರ್ಡರ್ ಕಳಿಸಿ'ಯನ್ನು ಫೋನ್ ನಂಬರಿನ ಖಾನೆಯ ಕೆಳಗೇ, ಎಡಕ್ಕೆ ತಂದಳು. 'ಕ್ಲಿಯರ್' ಬಲಮೂಲೆಗೆ ಹೋಯಿತು. ಪುಟವನ್ನು ವೆಬ್‌ಸೈಟಿಗೆ ಏರಿಸಿ, ರಿಫ್ರೆಶ್ ಒತ್ತಿಸಿದಳು. ಇಲ್ಲದಿದ್ದರೆ ಹಳೆಯದೇ ಕಾಣುತ್ತದಂತೆ. ಶಮಾ ಖಾನೆಗಳನ್ನು ತುಂಬಿದಳು, ಕಣ್ಣೆದುರಿಗಿದ್ದದ್ದನ್ನು ಒತ್ತಿದಳು, 'ಆರ್ಡರ್ ಬಂತು, ಧನ್ಯವಾದ' ಎಂದು ಮೂಡಿತು.

ನನ್ನ ಸರದಿ. ಪಟ್ಟಿ ಎಳೆದು ಎಳೆದು, 'ಕ್ಲಿಯರ್' ಹುಡುಕಿ ಒತ್ತಿದೆ.

"ಕಾಕಾ!"

"ಕ್ಲಿಯರ್ ಮಾಡ್ಲಾರ್ದ ಏಳೋದು ಹೆಂಗವ್ವಾ?"

"ಇದು ಯಾರಿಗೂ ಬ್ಯಾಡಾಗಿದ್ದ ಬಟನ್ರಿ. ಚಂದ ಕಾಣ್ಲಿ ಅಂತ ನಾನ ಇಟ್ಟಿದ್ದೆ," ಎಂದು ಆಕೆ ಅದನ್ನು ಕಿತ್ತೇ ಹಾಕಿದಳು.

ಮತ್ತೆ ಎಲ್ಲ ಕುಟ್ಟಿ, ಉಳಿದ ಒಂದೇ ಬಟನ್ ಒತ್ತಿದೆ. ನೆಟ್ ನಿಧಾನ, ಪರದೆ ಅಲುಗಲಿಲ್ಲ. ಅನುಮಾನ ಬಂದು ಇನ್ನೆರಡು ಸಲ ಒತ್ತಿದೆ.

ಸ್ವಲ್ಪ ಹೊತ್ತಿಗೆ ಸಿಂದಗಿಯಿಂದ ಅತ್ತೆಯ ಫೋನ್, ದನಿ ನನಗೂ ಕೇಳುವಷ್ಟು ಜೋರು.

"ಭಾಗ್ಯಾ, ನಾಕ್ ಬಂದಾವ! ಒಬ್ಬಾಂವಂದ ಮೂರು. ಅವನ ಮನ್ಯಾಗ ಕೂಸು ಎಷ್ಟು ಅದಾವ ಕೇಳ!"

"ಒಂದ ಅಂತ, ಅತ್ತಿ. ಟಿವಿ ಎತ್ತಲಾ?"

"ಮುಟ್ಟಿದ್ರ ಕೈ ಮುರಿತೇನಿ."

ಹುಡುಗಿ ಫೋನಿಟ್ಟು ನಕ್ಕಳು. ಆಮೇಲೆ ನನ್ನ ಬೆರಳನ್ನೇ ನೋಡುತ್ತ, ಒಮ್ಮೆ ಒತ್ತಿದ ಕೂಡಲೇ ಬಟನ್ ನಿದ್ದೆ ಹೋಗುವ ಹಾಗೆ ಮಾಡಲು ಕೂತಳು.