ಬ್ರೋಮಿನ್ ಎಂದು ಬರೆದಿದ್ದ ಚೀಟಿ

ಕೆ.ಆರ್.ಪುರದ ಆ ಸಣ್ಣ ರಾಸಾಯನಿಕ ಕಾರ್ಖಾನೆಯಲ್ಲಿ ನಾನು ಆಪರೇಟರ್ ಆಗಿದ್ದೆ. ಓದಿದ್ದು ಹೈಸ್ಕೂಲು. ಪಾತ್ರೆಗೆ ಕ್ಲೋರಿನ್ ಅನಿಲ ಬಿಡುವುದರಲ್ಲಿ ಮಾತ್ರ ನನ್ನಷ್ಟು ಗೊತ್ತಿರುವವರು ಯಾರೂ ಇಲ್ಲ ಎಂಬ ಸೊಕ್ಕಿತ್ತು.

ಆ ದಿನ ಕೆಮಿಸ್ಟ್ ಮೇಡಂ ಅರ್ಧ ದಿನ ರಜೆ ಹಾಕಿದ್ದರು. ಹೋಗುವ ಮುಂಚೆ ಚೀಟಿ ಕೊಟ್ಟರು: ಮೀಥೈಲ್‌ಸೈಕ್ಲೋಹೆಕ್ಸೇನ್‌ಗೆ ದೀಪದ ಬೆಳಕಿನಲ್ಲಿ ಬ್ರೋಮಿನ್, ನಿಧಾನವಾಗಿ, ಒಂದು ಹನಿಯ ಬಣ್ಣ ಹೋದ ಮೇಲೆ ಇನ್ನೊಂದು.

"ಮುಂದಿನ ಹಂತದಲ್ಲಿ ನೀರು ಹಾಕಿದ್ರೆ ಬ್ರೋಮಿನ್ ಕಳಚ್ಕೊಂಡು ಹೋಗುತ್ತಲ್ವಾ ಮೇಡಂ? ಕ್ಲೋರಿನ್ ಹಾಕಿದ್ರೂ ಅಷ್ಟೇ ತಾನೆ?" ಎಂದೆ.

"ಅಲ್ಲ ರೀ. ಕ್ಲೋರಿನ್ ಪರಮಾಣುಗೆ ಯಾವ ಹೈಡ್ರೋಜನ್ ಕಿತ್ರೂ ಶಕ್ತಿ ಲಾಭಾನೇ, ಸಿಕ್ಕಿದ್ದನ್ನ ಕೀಳುತ್ತೆ. ಬ್ರೋಮಿನ್‌ಗೆ ಕೀಳೋದೇ ಕಷ್ಟ. ಅದಕ್ಕೆ ಬಂಧ ಎಲ್ಲಿ ಸಡಿಲವೋ ಅಲ್ಲೇ ಕೈ ಹಾಕುತ್ತೆ. ನಮಗೆ ಬೇಕಿರೋದು ಆ ಒಂದು ಜಾಗ, ಮೀಥೈಲ್ ಅಂಟಿರೋ ಇಂಗಾಲ."

ತಲೆಯಾಡಿಸಿದೆ. ಅವರು ಗೇಟು ದಾಟಿದ್ದೇ ತಡ, ಕ್ಲೋರಿನ್ ಬಿಟ್ಟೆ. ಬ್ರೋಮಿನ್ ಬಾಟಲಿ ಮುಟ್ಟಲು ಭಯ, ಅದರ ನಿಧಾನಕ್ಕೆ ಸಿಟ್ಟು. ಕೆಲಸ ಬೇಗ ಮುಗಿಯಿತೆಂದು ಹಿಗ್ಗಿದೆ.

ಮರುದಿನ ಬೆಳಿಗ್ಗೆ ಪರೀಕ್ಷೆಯಲ್ಲಿ ಒಂದಲ್ಲ, ಹಲವು ಪದಾರ್ಥ ಕಂಡವು. ಅಣುವಿನಲ್ಲಿರುವ ಇಂಗಾಲದ ಉಂಗುರದ ಎಲ್ಲ ಕಡೆಗೂ ಕ್ಲೋರಿನ್ ಕೂತಿತ್ತು. ಎಲ್ಲವೂ ಹತ್ತಿರ ಹತ್ತಿರದ ಬಿಸಿಗೇ ಕುದಿಯುವಂಥವು, ಬೇರ್ಪಡಿಸಲು ಬರಲಿಲ್ಲ. ಇಡೀ ಬ್ಯಾಚು ಹಾಳು.

"ಯಾರ್ರೀ ಹೇಳಿದ್ದು ಕ್ಲೋರಿನ್ ಬಿಡೋಕೆ?" ಮಾಲೀಕರು ಗುಡುಗಿದರು.

"ಮೇಡಂ ಫೋನಲ್ಲಿ ಹೇಳಿದ್ರು ಸಾರ್."

ಚೀಟಿ ನನ್ನ ಜೇಬಿನಲ್ಲೇ ಇತ್ತು. ಮಧ್ಯಾಹ್ನ ಅದನ್ನು ಹರಿದು ಚರಂಡಿಗೆ ಹಾಕಿದೆ. ಆ ಮಾಲೀಕ ಮೇಡಂ ಮಾತನ್ನು ಕೇಳಲೇ ಇಲ್ಲ, ಕರೆ ಬಂದಿತ್ತೇ ಎಂದು ನನ್ನ ಫೋನ್ ತೆಗೆದು ನೋಡಲೂ ಇಲ್ಲ. ಸಂಜೆಯೊಳಗೆ ಅವರನ್ನು ಕೆಲಸದಿಂದ ತೆಗೆದ. ಅವನ ಮೇಲೆ ಇಂದಿಗೂ ಮೈ ಉರಿಯುತ್ತದೆ. ಆದರೆ ಸುಳ್ಳು ಹೇಳಿದ ನಾಲಿಗೆ ಅವನದಲ್ಲ.

ನಿವೃತ್ತಿಯಾದ ಮೇಲೆ, ಹೋದ ತಿಂಗಳು, ಕಲ್ಯಾಣ ನಗರದಲ್ಲಿ ಮೇಡಂ ಮನೆ ಹುಡುಕಿ ಹೋಗಿ ಎಲ್ಲ ಹೇಳಿದೆ. ಪಾಠ ಹೇಳಿ ಬದುಕುತ್ತಿದ್ದಾರೆ. ಆಮೇಲೆ ಹೋದಲ್ಲೆಲ್ಲ, ಬ್ಯಾಚು ಹಾಳು ಮಾಡಿದವಳು ಎಂದು ಕೆಲಸ ಕೊಟ್ಟಿಲ್ಲವಂತೆ.

"ನನ್ನ ಹತ್ರ ಅಳೋಕೆ ಎರಡು ಬಸ್ಸು ಹತ್ತಿ ಬಂದ್ರಿ. ಆ ಮಾಲೀಕರ ಹತ್ರ ಹೋಗೋಕೆ ಬಸ್ಸಿಲ್ವಾ?" ಎಂದರು. ನೀರು ಕೂಡ ಕೊಡಲಿಲ್ಲ. ಸರಿಯಾಗಿಯೇ ಮಾಡಿದರು.

ಮರುದಿನ ಕಾರ್ಖಾನೆಗೆ ಹೋದೆ. "ಹಳೇ ಕಥೆ ಈಗ್ಯಾಕೆ ಯಜಮಾನ್ರೇ, ಕಾಫಿ ಕುಡೀರಿ" ಎಂದು ಮಾಲೀಕ ನಕ್ಕ.

"ಕಾಫಿ ಬೇಡ, ಹಾಳೆ ಕೊಡಿ" ಎಂದು ಕಿರುಚಿದೆ. ಅವನೆದುರೇ ಬರೆದೆ: ಮೇಡಂ ಬ್ರೋಮಿನ್ ಎಂದೇ ಬರೆದುಕೊಟ್ಟಿದ್ದರು, ಕ್ಲೋರಿನ್ ಬಿಟ್ಟವನು ನಾನು, ಸುಳ್ಳು ಹೇಳಿದವನೂ ನಾನು. ಅವನು ಕಾರ್ಖಾನೆಯ ಮೊಹರು ಒತ್ತಿ ಸಹಿ ಹಾಕುವವರೆಗೂ ನಾನು ಕುರ್ಚಿ ಬಿಟ್ಟು ಏಳಲಿಲ್ಲ. ಆ ಹಾಳೆಯನ್ನು ಮೇಡಂ ಮನೆ ಬಾಗಿಲಲ್ಲಿ ಕೊಟ್ಟೆ. ಓದಿದರು, ಮಡಚಿಕೊಂಡರು, ಬಾಗಿಲು ಹಾಕಿಕೊಂಡರು.